ಚಿತ್ರದೊಳಗಿನ ಜನ

ವೇದಿಕೆಯ ಹಿನ್ನೆಲೆಯನ್ನು ಕಂಪ್ಯೂಟರಿನಲ್ಲಿ ಚಿತ್ರಿಸಿದವಳು ನನ್ನ ತಂಗಿಯ ಮಗಳು, ಕಟ್ಟಿದವನು ನಾನು. ಪ್ರದರ್ಶನದ ಬಾಗಿಲು ತೆರೆಯಲು ಒಂದು ಗಂಟೆ ಉಳಿದಿತ್ತು. ತಲೆಯ ಮೇಲಿನ ಕಬ್ಬಿಣದ ಹಂದರ, ಟ್ರಸ್ಸಿನ ಮೇಲೆ ಸ್ಪಾಟ್‌ಲೈಟುಗಳು ಉರಿಯುತ್ತಿದ್ದವು. ಅವಳ ಚಿತ್ರದಲ್ಲಿ, ವೇದಿಕೆಯ ಪಕ್ಕದ ಬ್ಯಾನರ್ ಗೋಡೆಗೂ ಮಳಿಗೆಗಳಿಗೂ ನಡುವಿನ ದಾರಿಯಲ್ಲಿ ಮೂವರು ಅಕ್ಕಪಕ್ಕದಲ್ಲಿ ಸಲೀಸಾಗಿ ನಡೆಯುತ್ತಿದ್ದರು. ಇಲ್ಲಿ ನಾವಿಬ್ಬರು ಎದುರಾದಾಗಲೇ ಭುಜಕ್ಕೆ ಭುಜ ತಾಗಿತು. ಹೊರಹೋಗಲು ಇದ್ದದ್ದು ಅದೊಂದೇ ದಾರಿ.

“ನೀನು ಕೊಟ್ಟ ಅಳತೆಯಂತೆಯೇ ಕಟ್ಟಿದ್ದೀನಲ್ಲ, ಕೂಸೇ?”

ಅವಳು ಚಿತ್ರವನ್ನೂ ದಾರಿಯನ್ನೂ ಮತ್ತೆ ಮತ್ತೆ ನೋಡಿದಳು. “ಅಳತೆ ಸರಿ ಇದೆ ಮಾವ. ಜನಾನೇ ತಪ್ಪು. ವೇದಿಕೆ ಭಾರಿಯಾಗಿ ಕಾಣ್ಲಿ ಅಂತ ಚಿತ್ರದಲ್ಲಿನ ಮನುಷ್ಯರನ್ನ ಮೂರರಲ್ಲಿ ಎರಡು ಪಾಲಿಗೆ ಕುಗ್ಗಿಸಿದ್ದೆ. ಅದನ್ನ ನೋಡೇ ಎಲ್ಲರೂ ಒಪ್ಪಿದ್ರು.”

ಹೊರಗೆ ಸಾವಿರಾರು ಜನರ ಗದ್ದಲ ಕೇಳುತ್ತಿತ್ತು. ಒಳಗೆ ಒಬ್ಬರು ಎಡವಿ ಬಿದ್ದರೆ ಏನಾದೀತು? ದೇವರೇ, ಕಾಪಾಡು ಎಂದೆ.

“ಹೇಳಿದ್ರೆ ನನ್ನ ಕೆಲಸ ಹೋಗುತ್ತೆ ಮಾವ.”

ಆದರೂ ಅವಳೇ ವ್ಯವಸ್ಥಾಪಕರ ಬಳಿ ನಡೆದು ಎಲ್ಲವನ್ನೂ ಹೇಳಿದಳು.

“ಕೊನೇ ಗಳಿಗೇಲಿ ನಿಮಗೇನು ಗ್ರಹ ಬಡೀತಾ?” ಎಂದು ಅವರು ಸಿಡುಕಿದರು. ಅವಳು ಅವರ ತೋಳು ಹಿಡಿದು ಆ ದಾರಿಯಲ್ಲೇ ಎದುರುಬದುರು ನಿಲ್ಲಿಸಿಕೊಂಡಳು. ಅವರಿಗೆ ಭುಜ ತಾಗದೆ ಪಕ್ಕಕ್ಕೆ ಸರಿಯಲು ಜಾಗವಿರಲಿಲ್ಲ. ಅವರ ಸಿಡುಕು ಇಳಿಯಿತು.

“ಗೋಡೆ ಬಿಚ್ರಿ,” ಎಂದರು.

ಆ ಗೋಡೆ ಟ್ರಸ್ಸಿಗೆ ಸೇರಿರಲಿಲ್ಲ; ಅದಕ್ಕೆ ಬೇರೆಯೇ ಚೌಕಟ್ಟು ಇತ್ತು, ಬಿಚ್ಚಿದರೆ ದೀಪಗಳು ಬೀಳುವ ಭಯವಿರಲಿಲ್ಲ. ಬೋಲ್ಟು ತಿರುಗಿಸುವಾಗ ಸ್ಪ್ಯಾನರ್ ಎರಡು ಸಲ ನನ್ನ ಕೈಯಿಂದ ಜಾರಿತು. ಕೊನೆಯ ಚೌಕಟ್ಟನ್ನು ಎತ್ತಿ ಸಾಗಿಸುತ್ತಿದ್ದಂತೆಯೇ ಬಾಗಿಲು ತೆರೆಯಿತು, ಪೂರ್ತಿ ಎತ್ತರದ ಜನ ಒಳಗೆ ನುಗ್ಗಿದರು.