ರವಿವಾರ, ಆಗಸ್ಟ್ 8

ಕಾಂಚನ ಕೆಂಪು ಪೆನ್ನಿನಿಂದ ‘ಇಂಥವಳಿಗೆ’ ಎಂಬ ಪದದ ಮೇಲೆ ಗೆರೆ ಎಳೆದ ರಭಸಕ್ಕೆ ಕರಡಿನ ಹಾಳೆ ಹರಿಯಿತು. ಟೇಪು ಹಚ್ಚಿ ಮುಂದಿನ ಸಾಲಿಗೆ ಹೋದಳು. ಅದೂ ಅಂಥದ್ದೇ.

ಸಂಜೆಯೊಳಗೆ ಕರಡು ನಿಪ್ಪಾಣಿಯ ಡಿಟಿಪಿ ಅಂಗಡಿಗೆ ತಲುಪಬೇಕಿತ್ತು. ಶಾಲೆಯ ವಾರ್ತಾಪತ್ರವನ್ನು ಬರೆಯುವವರು ಮುಖ್ಯಾಧ್ಯಾಪಕ ಕಾಕಾಸಾಹೇಬರು. ತಿದ್ದುವ ಕೆಲಸ ಕನ್ನಡ ಶಿಕ್ಷಕಿಯೆಂದು ಕಾಂಚನಳದು. ಹಿಂದಿನ ಸಂಚಿಕೆ ಮಾತ್ರ, ಅವಳು ತರಬೇತಿಗೆಂದು ಚಿಕ್ಕೋಡಿಗೆ ಹೋಗಿದ್ದಾಗ, ಯಾರೂ ತಿದ್ದದೆ ಅಚ್ಚಾಗಿತ್ತು.

ಈ ಸಲದ ಎರಡನೆಯ ಪುಟ ಪಾಲಕರ ಸಭೆಯ ವರದಿ. ‘ಸತ್ತೆವ್ವ ಸಭೆಗೆ ಬಂದಿಲ್ಲ. ಇಂಥವಳಿಗೆ ಮಗಳ ಓದು ಬೇಕಾಗಿಲ್ಲ.’ ಕೆಳಗೇ ಇನ್ನೊಂದು ಸಾಲು: ‘ಶ್ರೀ ಬಾಬಾಸಾಹೇಬರಿಗೆ ಅನಿವಾರ್ಯ ಕಾರ್ಯನಿಮಿತ್ತ ಆಗಮಿಸಲು ಸಾಧ್ಯವಾಗಲಿಲ್ಲ.’ ಅದೇ ಸಭೆ, ಅದೇ ಗೈರು. ದ್ರಾಕ್ಷಿ ತೋಟದ ಬಾಬಾಸಾಹೇಬರ ಹೆಸರು ನಾಲ್ಕೂ ಪುಟಗಳಲ್ಲಿ ಒಂದೇ ರೀತಿ ಇತ್ತು. ಕೂಲಿ ಮಾಡುವ ಸತ್ತೆವ್ವ ಮೂರನೆಯ ಪುಟದಲ್ಲಿ ಸತ್ಯವ್ವ, ಕೊನೆಯದರಲ್ಲಿ ಸತ್ಯವತಿ.

ಯಾವುದು ಸರಿ ಎಂದು ಕಾಂಚನ ತರಗತಿಯಲ್ಲಿದ್ದ ಸತ್ತೆವ್ವರ ಮಗಳು ಮಯೂರಿಯನ್ನು ಕೇಳಿದಳು. ಅವ್ವ ಪಕ್ಕದ ಕಬ್ಬಿನ ಹೊಲದಲ್ಲೇ ಕಳೆ ತೆಗೆಯುತ್ತಿದ್ದಾಳೆಂದು ಹುಡುಗಿ ಓಡಿಹೋಗಿ ಕರೆತಂದಳು. ಸತ್ತೆವ್ವ ಚಪ್ಪಲಿ ಹೊರಗೆ ಬಿಟ್ಟು, ಕೈಯ ಮಣ್ಣನ್ನು ಸೆರಗಿಗೆ ಒರೆಸಿಕೊಳ್ಳುತ್ತ ಒಳಗೆ ಬಂದರು. ತಮ್ಮ ಹೆಸರು ಸತ್ತೆವ್ವ ಎಂದೇ, ರೇಶನ್ ಕಾರ್ಡಿನಲ್ಲೂ ಹಾಗೇ ಇದೆ ಎಂದರು. ಆಮೇಲೆ, ತಮ್ಮ ಹೆಸರು ಪೇಪರಿನಲ್ಲಿ ಯಾಕೆ ಬಂತು ಎಂದು ಕೇಳಿದರು.

ಕಾಂಚನ ಓದಿ ಹೇಳಿದಳು. ಓದುವಾಗ ತನ್ನ ಬಾಯಿಯ ಮೇಲೇ ಅವಳಿಗೆ ಹೇಸಿಗೆಯಾಯಿತು. ಮಯೂರಿ ನೆಲ ನೋಡುತ್ತಿದ್ದಳು.

“ನಾ ಬಂದಿದ್ನಿರೀ ಬಾಯಾರ,” ಎಂದರು ಸತ್ತೆವ್ವ. “ಐತವಾರ ಬಂದಿದ್ನಿ. ನಾನೂ, ನನ್ನ ಜೋಡಿ ಕೂಲಿಗೆ ಬರೂ ಸುಂದ್ರವ್ವನೂ. ಗೇಟಿಗೆ ಕೀಲಿ ಹಾಕಿತ್ತು.”

ಕಾಂಚನ ಕಪಾಟಿನಿಂದ ಹಿಂದಿನ ಸಂಚಿಕೆ ತೆಗೆದಳು. ಮುಖಪುಟದಲ್ಲಿ ದಪ್ಪ ಅಕ್ಷರ: ‘ಪಾಲಕರ ಸಭೆ, ರವಿವಾರ, ಆಗಸ್ಟ್ 8.’ ಕೊನೆಯ ಪುಟದ ಮೂಲೆಯಲ್ಲಿ ಸಣ್ಣದಾಗಿ: ‘ಶನಿವಾರ, ಆಗಸ್ಟ್ 8.’ ಗೋಡೆಯ ಮೇಲೆ 2009ರ ಕ್ಯಾಲೆಂಡರ್ ತೂಗುತ್ತಿತ್ತು. ಎಂಟು ಶನಿವಾರವೇ. ತಾರೀಖು ನೋಡಿದವರು ಶನಿವಾರ ಬಂದು ಕುರ್ಚಿಯಲ್ಲಿ ಕುಳಿತಿದ್ದರು. ಕೂಲಿಯವರಿಗೆ ವಾರವೇ ತಾರೀಖು. ಯಾವ ದಿನ ಕೆಲಸ ಬಿಡುತ್ತೇವೆಂದು ಕೂಲಿಯಾಳುಗಳ ಮೇಸ್ತ್ರಿ ಮುಕಾದಮನಿಗೆ ಮೊದಲೇ ಹೇಳಿಟ್ಟು, ಆ ದಿನವೇ ಬಂದಿದ್ದರು. ಗೇಟಿನ ಮುಂದೆ ನಿಂತು ತಿರುಗಿ ಹೋಗಿದ್ದರು.

ಅಷ್ಟರಲ್ಲಿ ಕಾಕಾಸಾಹೇಬರು ಕರಡು ಆಯಿತೇ ಎಂದು ಕೇಳುತ್ತ ಬಂದರು. ಕಾಂಚನ ಎರಡೂ ಪುಟ ಅವರ ಮುಂದೆ ಹಿಡಿದಳು. ಡಿಟಿಪಿಯವನ ತಪ್ಪು ಎಂದರು ಅವರು. ಹಾಗಾದರೆ ಈ ವರದಿ ತೆಗೆಯೋಣ, ವಾರ ತಪ್ಪಾಗಿ ಅಚ್ಚಾಗಿತ್ತು, ರವಿವಾರ ಬಂದ ಪಾಲಕರು ಕ್ಷಮಿಸಬೇಕು ಎಂದು ಮುಖಪುಟದಲ್ಲಿ ತಿದ್ದುಪಡಿ ಹಾಕೋಣ ಎಂದಳು ಅವಳು. ಸಂಸ್ಥೆಯ ಅಧ್ಯಕ್ಷರು ಓದುವ ಪತ್ರಿಕೆಯಲ್ಲಿ ಶಾಲೆಯೇ ತಪ್ಪೊಪ್ಪಿಕೊಳ್ಳಬೇಕೇ ಎಂದು ಅವರ ಮುಖ ಕೆಂಪೇರಿತು.

“ಅಷ್ಟ್ಯಾಕ ರೀ ಬಾಯಾರ? ‘ಇಂಥವಳಿಗೆ’ ತಗದು ‘ಇಂಥವರಿಗೆ’ ಮಾಡ್ರಿ. ಮುಂದ ಒಂದು ಶ್ರೀಮತಿ ಹಚ್ರಿ. ಮುಗೀತಲ್ಲ.”

“ಶ್ರೀಮತಿ ಹಚ್ಚಿದ್ರ ಸುಳ್ಳು ಖರೇ ಆಕ್ಕೈತೇನ್ರಿ ಸರ?” ಎಂದಳು ಕಾಂಚನ. “ವಾರ ತಪ್ಪಿದವರು ನಾವು. ಬೈಸ್ಕೊಳ್ಳಾವ್ರು ಅವರು. ಅದೂ ಊರ ತುಂಬ ಹಂಚಿ.”

ನೀವಿನ್ನೂ ಕಾಯಂ ಆಗಿಲ್ಲ ಎಂಬುದನ್ನು ಕಾಕಾಸಾಹೇಬರು ಮೆಲ್ಲಗೆ ನೆನಪಿಸಿದರು. ಕಾಂಚನ ಪೆನ್ನಿನ ಮುಚ್ಚಳ ಹಾಕಲಿಲ್ಲ. ತಿದ್ದುಪಡಿಯ ಸಾಲನ್ನು ಮುಖಪುಟದ ಅಂಚಿನಲ್ಲಿ ಬರೆದು, ಅದನ್ನು ಸೇರಿಸಬೇಕಾದ ಜಾಗಕ್ಕೆ ಬಾಣ ಎಳೆದಳು. ಬೇಕಾದರೆ ಅವರೇ ಹೊಡೆದುಹಾಕಲಿ, ಪಕ್ಕದಲ್ಲಿ ಸಹಿ ಮಾಡಲಿ ಎಂದಳು. ಅವರು ಪೆನ್ನು ತೆಗೆದುಕೊಳ್ಳಲಿಲ್ಲ.

ಬಂದಾಗಿನಿಂದ ಸತ್ತೆವ್ವರ ಕಡೆ ಒಮ್ಮೆಯೂ ನೋಡದಿದ್ದ ಮನುಷ್ಯ ಈಗ ಕುರ್ಚಿ ಎಳೆದು ಅವರ ಕಡೆ ಸರಿಸಿದರು.

“ಕುಂದರ್ರಿ ಅಕ್ಕಾರ. ಒಂದು ಕೆಲಸ ಮಾಡೂಣು. ಈ ಐತವಾರದ ಸುದ್ದಿ ಬಿಟ್ಟುಬಿಡೂಣು. ಅದರ ಜಾಗಾದಾಗ ನಿಮ್ಮ ಫೋಟೋ ಹಾಕ್ತೀನಿ, ಮೊದಲನೇ ಪುಟದಾಗ. ‘ಆದರ್ಶ ಪಾಲಕಿ’ ಅಂತ. ಬಾಬಾಸಾಹೇಬರದೂ ಇಷ್ಟು ದೊಡ್ಡದು ಬಂದಿಲ್ಲ. ಆತಲ್ಲ?”

ಸತ್ತೆವ್ವ ಕುರ್ಚಿಯನ್ನು ನೋಡಿದರು. ಕೂಡಲಿಲ್ಲ.

“ಒಲ್ಲೆರೀ,” ಎಂದರು.