ಹಾಕ್ದೆ ಅಂದ ನಾಲ್ಕು ಸಲ

ವಿಚಾರಣೆ ಅಧಿಕಾರಿಗೆ ಕನ್ನಡ ಒಂದಕ್ಷರ ಬರ್ತಿರ್ಲಿಲ್ಲ, ಕಿವಿ ಮಾತ್ರ ಭಾರಿ ಚುರುಕು. ದುಭಾಷಿ ಅಕ್ಕನಿಗೆ ಆ ಕಿವಿನೇ ಗಂಟು ಬಿತ್ತು ನೋಡಿ.

ಗೋದಾಮಿಂದ ಎರಡು ಹೊಲಿಗೆ ಯಂತ್ರ ಮಾಯ. ಬಾಗಿಲು ಮುರಿದಿಲ್ಲ, ಬೀಗವೂ ಮುರಿದಿಲ್ಲ. ಕಾವಲುಗಾರ ಬೀಗನೇ ಹಾಕಿಲ್ಲ ಅಂತ ಮಾಲೀಕನ ದೂರು. ಅವನ ಕೆಲಸ ಉಳಿಯುತ್ತೋ ಹೋಗುತ್ತೋ, ಇವತ್ತೇ ತೀರ್ಮಾನ.

ಕಾವಲುಗಾರ ಬಾಯಿಬಿಟ್ಟ. "ಒಳಗೆ ಯಾರಾದ್ರೂ ಇದೀರಾ ಅಂತ ಕೂಗು ಹಾಕ್ದೆ. ಬೀಗ ಹಾಕ್ದೆ. ಹೊರಗಡೆ ಲೈಟ್ ಹಾಕ್ದೆ. ಪುಸ್ತಕದಲ್ಲಿ ಸಹಿ ಹಾಕ್ದೆ."

ಅಕ್ಕ ಇಂಗ್ಲಿಷಲ್ಲಿ ಹೇಳಿದ್ಲು: ಶೌಟೆಡ್, ಲಾಕ್ಡ್, ಸ್ವಿಚ್ಡ್ ಆನ್, ಸೈನ್ಡ್.

ಅಧಿಕಾರಿ ಪೆನ್ನು ಕೆಳಗಿಟ್ಟ. "ಅವನು ನಾಲ್ಕು ಸಲ ಹಾಕ್ದೆ ಅಂದ. ನೀವು ನಾಲ್ಕು ಬೇರೆ ಮಾತು ಹೇಳಿದ್ರಿ. ಅವನೇನು ನಿಮ್ಮ ನೆಂಟನಾ?"

"ನನಗೆ ಅವನ ಮುಖಪರಿಚಯವೂ ಇಲ್ಲ."

ಅಧಿಕಾರಿ ಫೋನಲ್ಲಿ ನಿಘಂಟು ತೆಗೆದ. ಹಾಕು ಅಂದ್ರೆ ಪುಟ್. "ಎಲ್ಲದಕ್ಕೂ ಇದನ್ನೇ ಹೇಳಿ. ಬಣ್ಣ ಬಳೀಬೇಡಿ."

ಸರಿ, ಅನುಭವಿಸು ಅಂದ್ಕೊಂಡು ಅಕ್ಕ ಹಾಗೇ ಹೇಳಿದ್ಲು. ಲೈಟ್ ಪುಟ್ ಅನ್ನೋ ಹೊತ್ತಿಗೆ ಅಧಿಕಾರಿಯ ಹುಬ್ಬು ಮೇಲೇರಿತು. "ಎಲ್ಲಿ ಇಟ್ಟ ಕೇಳಿ."

ಕೇಳಿದ್ಲು. ಕಾವಲುಗಾರನ ಮುಖ ಕಪ್ಪಿಟ್ಟಿತು. "ಬಲ್ಬನ್ನೂ ನಾನೇ ಕದ್ದೆ ಅಂತಾನಾ? ಅಕ್ಕ, ನೀವು ಯಾರ ಕಡೆ?" ಅಂದವನೇ ಅವಳಿಗೆ ಬೆನ್ನು ತಿರುಗಿಸಿ ಕೂತ.

ಮೂಲೆಯಲ್ಲಿದ್ದ ಮಾಲೀಕ ಮೀಸೆಯಡಿಯಲ್ಲೇ ನಕ್ಕ. ಅಕ್ಕನಿಗೆ ಅದು ಕಂಡಿತು. ಇವನಿಗೆ ಯಾಕಪ್ಪ ಇಷ್ಟು ಖುಷಿ?

"ಸಾರ್," ಅಂದ್ಲು ಅಧಿಕಾರಿಗೆ, "ನಮ್ಮಲ್ಲಿ ಯಾವ ಕೆಲಸ ಅಂತ ಹೇಳೋದು ಮುಂಚೆ ಬರೋ ಪದ. ಬೀಗ, ಸಹಿ, ಕೂಗು. ಹಿಂದೆ ಬರೋ ಹಾಕ್ದೆ ಬರೀ ಬಾಲ, ಮಾಡಿದ್ದು ನಾನು, ಮಾಡಿ ಆಯ್ತು ಅಂತ ಹೇಳುತ್ತೆ ಅಷ್ಟೇ. ನಿಮ್ಮಲ್ಲಿ ಲಾಕ್ ಅಂದ್ರೆ ಬೀಗವೂ ಅದರಲ್ಲೇ, ಹಾಕೋದೂ ಅದರಲ್ಲೇ. ಅದಕ್ಕೇ ಕೆಲಸಕ್ಕೊಂದು ಮಾತು ಬೇಕು. ನನ್ನ ನಂಬಬೇಡಿ, ಅವನ ಕೈ ನೋಡಿ."

ಕಾವಲುಗಾರನ ಕಡೆ ತಿರುಗಿ, "ಎದ್ದೇಳಪ್ಪ, ಹೇಳ್ತಾ ಹೇಳ್ತಾ ಮಾಡಿ ತೋರಿಸು" ಅಂದ್ಲು.

ಅವನು ಗೊಣಗ್ತಾ ಎದ್ದ. ಬಾಯಿಗೆ ಕೈ ಅಡ್ಡ ಹಿಡಿದು, "ಕೂಗು ಹಾಕ್ದೆ." ಆ ಕೋಣೆ ಬಾಗಿಲನ್ನೇ ಎಳೆದು, ಕೀ ತಿರುಗಿಸಿ, ಎರಡು ಸಲ ಜಗ್ಗಿ, "ಬೀಗ ಹಾಕ್ದೆ." ಸ್ವಿಚ್ ಒತ್ತಿ, "ಲೈಟ್ ಹಾಕ್ದೆ." ಅಂಗೈ ಮೇಲೆ ಬೆರಳಲ್ಲಿ ಗೀಚಿ, "ಸಹಿ ಹಾಕ್ದೆ."

ಅಧಿಕಾರಿ ಎದ್ದು ತಾನೂ ಆ ಬಾಗಿಲು ಜಗ್ಗಿ ನೋಡಿದ, ಅಲ್ಲಾಡಲಿಲ್ಲ. ಪುಟ್ ಹೊಡೆದುಹಾಕಿ ಲಾಕ್ಡ್ ಬರ್ಕೊಂಡ. "ಬೀಗ ಬಿದ್ದಿತ್ತು, ಮುರಿದೂ ಇಲ್ಲ. ಇನ್ನೊಂದು ಕೀ ಯಾರ ಹತ್ರ?"

ಅಕ್ಕ ಕೇಳಿದ್ಲು. "ಧಣಿ ಹತ್ರ," ಅಂದ ಕಾವಲುಗಾರ.

ಮೀಸೆಯಡಿಯ ನಗು ಹೋಯ್ತು.

"ನೀನು ನಾಳೆಯಿಂದ ಕೆಲಸಕ್ಕೆ ಹೋಗು," ಅಂದ ಅಧಿಕಾರಿ. ಕಾವಲುಗಾರ ಕೂತಿದ್ದ ಕುರ್ಚಿಯನ್ನೇ ಮಾಲೀಕನಿಗೆ ತೋರಿಸಿದ. ಆಮೇಲೆ ಅಕ್ಕನ ಕಡೆ ಓರೆಗಣ್ಣು ಬಿಟ್ಟ. "ಇವರ ಮಾತನ್ನೂ ನೀವೇ ಹೇಳಿ. ನಿಧಾನಕ್ಕೆ. ನಾನು ಎಣಿಸ್ತಿರ್ತೀನಿ."