ಒಳಗಿನ ಲ್ಯಾಮಿನೇಟ್

ತಿಕೋಟಾದ ಒಣದ್ರಾಕ್ಷಿ ವ್ಯಾಪಾರಿ ಮಲಕಾಜಪ್ಪನವರ ಮನೆಗೆ, ಅವರು ಕೇಳಿದ ಬಟ್ಟೆ ಕಪಾಟಿನ ಅಂದಾಜು ಪತ್ರ ಒಯ್ದಿದ್ದೆ. ಆರಡಿ ಅಗಲ, ಏಳಡಿ ಎತ್ತರ. ಪ್ಲೈವುಡ್ ಹಾಳೆ, ಒಳಗೂ ಹೊರಗೂ ಲ್ಯಾಮಿನೇಟ್, ಕೀಲು, ಹಿಡಿಕೆ, ಚದರಡಿ ಲೆಕ್ಕದ ಮಜೂರಿ, ಎಲ್ಲ ಸೇರಿ ನಲವತ್ತೈದು ಸಾವಿರ. ಅವರು ಪೆನ್ನು ತೆಗೆದು ಒಳಗಿನ ಲ್ಯಾಮಿನೇಟಿನ ಸಾಲನ್ನು ಹೊಡೆದುಹಾಕಿದರು.

“ಧರ್ಮರಾಜ, ಒಳಗ ಯಾರ ನೋಡತಾರೋ? ಬಣ್ಣ ಬಳದ ಬಿಡು.”

ನನಗೆ ಸಿಟ್ಟು ನೆತ್ತಿಗೇರಿತು. “ಹೊರಗಷ್ಟ ಹಚ್ಚಿದ್ರ ಬಾಗಲಾ ಬಾಗತಾವ್ರಿ. ಎರಡೂ ಕಡೆ ಬಿಗಿ ಸಮ ಇರಬೇಕು. ಅಂಥಾ ಕೆಲಸ ನಾ ಮಾಡಂಗಿಲ್ಲ. ಬ್ಯಾರೇದವರನ್ನ ಕರೀರಿ.”

“ಹೆದರಸ್ತಿ ಏನು?” ಎಂದು ಅವರು ನಕ್ಕರು.

ಅವರ ಹೆಂಡತಿ ಲಲಿತಕ್ಕ ನಗಲಿಲ್ಲ. ನಮ್ಮಿಬ್ಬರನ್ನೂ ಅಡುಗೆಮನೆಗೆ ಕರೆದು, ಅಲ್ಲಿನ ಕಪಾಟಿನ ಹಿಡಿಕೆಗಳಿಗೆ ಸುತ್ತಿದ್ದ ಹಗ್ಗ ಬಿಚ್ಚಿದರು. ಬಿಲ್ಲಿನಂತೆ ಬಾಗಿದ್ದ ಬಾಗಿಲು ತಾನೇ ತೆರೆದುಕೊಂಡಿತು. ಅದರ ಹೊರಗೆ ಮಾತ್ರ ಲ್ಯಾಮಿನೇಟ್ ಇತ್ತು, ಒಳಗೆ ಬರೀ ಬಣ್ಣ.

“ಇದಕ್ಕೂ ಹಿಂಗ ರೊಕ್ಕ ಉಳಿಸಿದ್ರಿ,” ಎಂದ ಲಲಿತಕ್ಕ, ಗಂಡನ ಕೈಯಿಂದ ಪೆನ್ನು ತೆಗೆದುಕೊಂಡು ಪತ್ರದಲ್ಲಿ ಆ ಸಾಲನ್ನು ಮತ್ತೆ ಬರೆದು ಗಂಡನತ್ತ ತಿರುಗಿದರು.

“ಒಳಗ ಯಾರ ನೋಡತಾರ ಅಂದ್ರಲ್ಲ? ದಿನಾ ಹಗ್ಗ ಬಿಚ್ಚಾಕಿ ನೋಡತಾಳ್ರಿ.”